ಎಚ್ಚರಿಕೆಗಳಿಗೆ ಎರಡು ಅಂಕ

ನಾನು ಹೊನ್ನಾಳಿಯಲ್ಲಿ ಭೌತಶಾಸ್ತ್ರ ಕಲಿಸುತ್ತೇನೆ. ಪ್ರಾಕ್ಟಿಕಲ್ ಪರೀಕ್ಷೆಯ ಕಾಲ ಬಂದರೆ ಬೇರೆ ಊರಿನ ಡಿಗ್ರಿ ಕಾಲೇಜಿಗೆ ಎಕ್ಸ್‌ಟರ್ನಲ್, ಅಂದರೆ ಹೊರಗಿನ ಪರೀಕ್ಷಕಿಯಾಗಿ ಹೋಗಬೇಕು. ಒಮ್ಮೆ ಚನ್ನಗಿರಿ, ಒಮ್ಮೆ ನ್ಯಾಮತಿ. ಆ ಸಲ ಜಗಳೂರಿನ ಕಡೆಯ ಒಂದು ಕಾಲೇಜು ಬಂತು. ಎರಡು ದಿನದ ಕೆಲಸ, ದಿನಕ್ಕೆ ಎರಡು ಬ್ಯಾಚು.

ಲ್ಯಾಬಿನ ಬಾಗಿಲಲ್ಲೇ ಅಟೆಂಡರ್ ನಿಂತಿದ್ದ. ಐವತ್ತು ದಾಟಿದ, ಮಾತು ಕಡಿಮೆಯ ಮನುಷ್ಯ. ಚಪ್ಪಲಿ ಹೊರಗೆ ಬಿಡಬೇಕೆಂದು ನನಗೂ ಸಂಕೋಚದಿಂದಲೇ ಹೇಳಿದ. ಅವನೂ ಬರಿಗಾಲಲ್ಲಿದ್ದ. ನೆಲ ಈಗಷ್ಟೇ ಒರೆಸಿದಂತೆ ಹೊಳೆಯುತ್ತಿತ್ತು. ಅಲ್ಲಿನ ಮೇಷ್ಟ್ರು, ಅಂದರೆ ಇಂಟರ್ನಲ್, ನನಗಿಂತ ಚಿಕ್ಕವರು. ಧೂಳು ಕಂಡರೆ ಅವರಿಗೆ ಆಗುತ್ತಿರಲಿಲ್ಲ.

ಮೊದಲ ದಿನ ಬೆಳಗಿನ ಬ್ಯಾಚಿನಲ್ಲಿ ಒಬ್ಬ ಹುಡುಗಿಗೆ ಮೀಟರ್ ಬ್ರಿಡ್ಜ್ ಪ್ರಯೋಗ ಬಂದಿತ್ತು. ಒಂದು ತಂತಿಯ ರೋಧ ಎಷ್ಟೆಂದು ಕಂಡುಹಿಡಿಯುವುದು. ಕೊನೆಯ ಮೇಜಿನಲ್ಲಿ ಅವಳು ತನ್ನ ಬಟ್ಟೆಯ ಚೀಲವನ್ನು ಮಡಚಿ ನೆಲಕ್ಕೆ ಹಾಕಿ ಅದರ ಮೇಲೆ ನಿಂತಿದ್ದಳು. ನೆಲ ತಣ್ಣಗಿದೆಯೇನೋ ಅಂದುಕೊಂಡು ನಾನು ಮುಂದೆ ಹೋದೆ.

ಬ್ಯಾಚು ಮುಗಿದ ಮೇಲೆ ನಾವಿಬ್ಬರೂ ಪೇಪರ್ ನೋಡಲು ಕೂತೆವು. ಪಕ್ಕದಲ್ಲಿ ಸ್ಕೀಮಿನ ಹಾಳೆ. ಉದ್ದೇಶಕ್ಕೆ ಇಷ್ಟು, ಸರ್ಕ್ಯೂಟಿನ ಚಿತ್ರಕ್ಕೆ ಇಷ್ಟು, ರೀಡಿಂಗಿನ ಕೋಷ್ಟಕಕ್ಕೆ, ಲೆಕ್ಕಕ್ಕೆ, ಫಲಿತಾಂಶಕ್ಕೆ ಇಷ್ಟಿಷ್ಟು ಎಂದು ಅದರಲ್ಲಿ ಹಂಚಿರುತ್ತದೆ. ಪ್ರಯೋಗದಲ್ಲಿ ವಹಿಸಬೇಕಾದ ಎಚ್ಚರಿಕೆಗಳಿಗೆ ಎರಡು ಅಂಕ. ಸರಿಯಾದ ಒಂದೊಂದಕ್ಕೆ ಒಂದು. ಆ ಹುಡುಗಿಯ ಉದ್ದೇಶ ಸರಿಯಿತ್ತು. ಕೋಷ್ಟಕ ನೋಡಿ ಖುಷಿಯಾಯಿತು. ಗ್ಯಾಲ್ವನೋಮೀಟರಿನ ಮುಳ್ಳು ಸೊನ್ನೆಗೆ ಬರುವ ಜಾಗ ಪ್ರತಿ ಸಲವೂ ತಂತಿಯ ನಡುಭಾಗದಲ್ಲೇ ಸಿಗುವ ಹಾಗೆ ರೆಸಿಸ್ಟೆನ್ಸ್ ಬಾಕ್ಸಿನ ಬೆಲೆ ಬದಲಿಸಿಕೊಂಡಿದ್ದಳು. ಐದು ರೀಡಿಂಗೂ ಒಂದಕ್ಕೊಂದು ಹತ್ತಿರ, ಆದರೆ ಒಂದೇ ಅಲ್ಲ. ಕಾಪಿ ಹೊಡೆದದ್ದಲ್ಲ ಎನ್ನಲು ಅಷ್ಟು ಸಾಕು. ಫಲಿತಾಂಶದ ಸಂಖ್ಯೆ ಸರಿ, ಮುಂದೆ ಓಮ್ ಎಂದು ಬರೆಯುವುದನ್ನು ಮರೆತಿದ್ದಳು. ಅರ್ಧ ಅಂಕ ಕಳೆದೆ.

ಕೊನೆಗೆ ಎಚ್ಚರಿಕೆಗಳು. ಮೊದಲನೆಯದು ಇಂಗ್ಲಿಷಿನಲ್ಲಿತ್ತು: ಜಾಕಿ ಎಂಬ ಮುಟ್ಟಿಸುವ ಕಡ್ಡಿಯನ್ನು ತಂತಿಯ ಮೇಲೆ ಉಜ್ಜಬಾರದು, ಮೆಲ್ಲಗೆ ಮುಟ್ಟಿಸಿ ಎತ್ತಬೇಕು. ಎಲ್ಲರೂ ಬಾಯಿಪಾಠ ಮಾಡುವ ಸಾಲು. ಎರಡನೆಯದನ್ನು ಕನ್ನಡದಲ್ಲಿ ಬರೆದಿದ್ದಳು: ‘ಕೊನೆಯ ಮೇಜಿನ ಎಲಿಮಿನೇಟರ್ ಮುಟ್ಟಿದರೆ ಜುಮ್ ಎನ್ನುತ್ತದೆ. ಸ್ವಿಚ್ ಆರಿಸದೆ ಅದನ್ನು ಮುಟ್ಟಬಾರದು. ಬರಿಗಾಲಲ್ಲಿ ನಿಲ್ಲಬಾರದು.’

ಎಲಿಮಿನೇಟರ್ ಎಂದರೆ ಗೋಡೆಯ ಕರೆಂಟನ್ನು ಒಂದೆರಡು ವೋಲ್ಟಿಗೆ ಇಳಿಸಿಕೊಡುವ ತಗಡಿನ ಪೆಟ್ಟಿಗೆ.

ಇಂಟರ್ನಲ್ ಇಣುಕಿ ನೋಡಿ ನಕ್ಕರು. ಇಂಗ್ಲಿಷ್ ಬರಲಿಲ್ಲ ಅಂತ ಏನೋ ಗೀಚ್ಯಾಳೆ ಬಿಡ್ರಿ ಮೇಡಂ ಅಂದರು. ನಾನು ಸ್ಕೀಮ್ ನೋಡಿದೆ. ಜೋಡಣೆ ಬಿಗಿಯಾಗಿರಬೇಕು, ಜಾಕಿ ಉಜ್ಜಬಾರದು, ರೀಡಿಂಗ್ ತೆಗೆಯುವಾಗ ಮಾತ್ರ ಕರೆಂಟ್ ಹರಿಸಬೇಕು. ಅವಳು ಬರೆದದ್ದು ಅಲ್ಲಿರಲಿಲ್ಲ. ಸಾಲಿನ ಮುಂದೆ ಸೊನ್ನೆ ಹಾಕಿದೆ. ಹೊರಗೆ ಎರಡನೆಯ ಬ್ಯಾಚು ಕಾಯುತ್ತಿತ್ತು, ಇನ್ನೂ ಒಂಬತ್ತು ಪೇಪರ್ ಬಾಕಿ ಇದ್ದವು. ಹತ್ತು ಹೆಜ್ಜೆ ದೂರದಲ್ಲಿದ್ದ ಆ ಪೆಟ್ಟಿಗೆಯ ಹತ್ತಿರ ನಾನು ಎದ್ದು ಹೋಗಲಿಲ್ಲ. ಸಂಜೆ ಪೇಪರ್‌ಗಳನ್ನು ಕವರಿಗೆ ಹಾಕಿ, ಅರಗು ಒತ್ತಿ, ಇಬ್ಬರೂ ಸಹಿ ಮಾಡಿದೆವು.

ಮರುದಿನ ಮಧ್ಯಾಹ್ನ, ಎರಡು ಬ್ಯಾಚುಗಳ ನಡುವೆ, ನಾವು ಪಕ್ಕದ ಕೋಣೆಯಲ್ಲಿ ಊಟ ಮಾಡುತ್ತಿದ್ದೆವು. ಅಟೆಂಡರ್ ನೆಲ ಒರೆಸಿ, ಒದ್ದೆ ಕೈಯಲ್ಲೇ ಕೊನೆಯ ಮೇಜಿನ ಸಾಮಾನು ಸರಿಸಲು ಹೋಗಿದ್ದಾನೆ. ಏನೋ ಬಿದ್ದ ಸದ್ದಾಯಿತು. ಹೋಗಿ ನೋಡಿದರೆ ಪೆಟ್ಟಿಗೆ ಅವನ ಎದೆಯ ಮೇಲಿತ್ತು. ಇಂಟರ್ನಲ್ ಓಡಿ ಮೇನ್ ಆರಿಸಿದರು. ನಾನು ಅವನ ಎದೆ ಒತ್ತಿದೆ, ಎಷ್ಟು ಹೊತ್ತು ಒತ್ತಿದೆನೋ ತಿಳಿಯದು. ತಾಲ್ಲೂಕು ಆಸ್ಪತ್ರೆಗೆ ಒಯ್ದಾಗ ಡಾಕ್ಟರು ಕೈ ಹಿಡಿದು ನೋಡಿ ಬಿಟ್ಟರು.

ಪ್ಲಗ್ಗಿನ ಮೂರನೆಯ ಕಡ್ಡಿ, ಅರ್ಥಿಂಗಿನದು, ಮುರಿದುಹೋಗಿತ್ತೆಂದು ಆಮೇಲೆ ತಿಳಿಯಿತು. ಒಳಗೆ ಸೋರಿದ ಕರೆಂಟು ತಗಡಿಗೆ ಬಂದು, ನೆಲಕ್ಕೆ ಇಳಿಯಲು ದಾರಿಯಿಲ್ಲದೆ ಕಾಯುತ್ತಿತ್ತು.

ಸುದ್ದಿ ಕೇಳಿ ಆ ಹುಡುಗಿ ಆಸ್ಪತ್ರೆಯ ವರಾಂಡಕ್ಕೆ ಬಂದಿದ್ದಳು. ನನ್ನ ಹತ್ತಿರ ಬಂದು ಕೇಳಿದಳು.

“ಮೇಡಂ, ನನ್ನ ಪೇಪರ್ ಓದಿದ್ರಾ?”

“ಪೇಪರ್ ವಿಷಯ ಮಾತಾಡಬಾರದಮ್ಮ” ಅಂದೆ.

ನಿಯಮ ಹಾಗೇ ಇದೆ. ಅದರ ಹಿಂದೆ ಅಷ್ಟು ಸುಲಭವಾಗಿ ಅಡಗಬಹುದೆಂದು ನನಗೆ ಗೊತ್ತಿರಲಿಲ್ಲ. ಅವಳು ತಲೆ ತಗ್ಗಿಸಿ ಹೋದಳು.

ಪೊಲೀಸರು ಹೇಳಿಕೆ ಬರೆದುಕೊಳ್ಳುವ ಮೊದಲು ಇಂಟರ್ನಲ್ ನನ್ನನ್ನು ಮೂಲೆಗೆ ಕರೆದರು. ಆ ಹುಡುಗಿ ತರಗತಿಯಲ್ಲೂ ಎರಡು ಸಲ ಹೇಳಿದ್ದಳಂತೆ, ರಿಪೇರಿಗೆ ಕಳಿಸೋಣ ಅಂದುಕೊಂಡೇ ದಿನ ಹೋಯಿತಂತೆ. “ಕವರ್ ಸೀಲ್ ಆಗೈತೆ ಮೇಡಂ. ಯಾರೂ ತೆಗ್ಯಾಕೆ ಹೋಗಲ್ಲ. ನೀವು ಸುಮ್ನಿದ್ರೆ ಸಾಕು” ಅಂದರು. ಪೆಟ್ಟಿಗೆ ಕೆಟ್ಟಿರುವುದು ನಿಮಗೆ ಮೊದಲೇ ಗೊತ್ತಿತ್ತೇ ಎಂದು ಪೊಲೀಸರು ಕೇಳಿದರು. ಗಮನಕ್ಕೆ ಬಂದಿರಲಿಲ್ಲ ಎಂದು ಹೇಳಿ ಸಹಿ ಹಾಕಿದೆ. ಒದ್ದೆ ಕೈಯಲ್ಲಿ ಮುಟ್ಟಿದ್ದರಿಂದ, ಅವನದೇ ಅಜಾಗರೂಕತೆಯಿಂದ ಆದ ಸಾವು ಎಂದು ಕಾಗದದಲ್ಲಿ ಬಂತು.

ಊರಿಗೆ ಬಂದ ಮೇಲೆ ಒಂದು ದಿನ ಚೀಲದಲ್ಲಿ ಸ್ಕೀಮಿನ ಪ್ರತಿ ಸಿಕ್ಕಿತು. ಎಚ್ಚರಿಕೆಗಳ ಪಟ್ಟಿ ಪುಟ ಮಗುಚಿದರೆ ಮುಂದುವರಿದಿತ್ತು. ಅಲ್ಲಿ ಇನ್ನೊಂದೇ ಸಾಲು: ಸೂಕ್ತವಾದ ಬೇರೆ ಯಾವುದೇ ಎಚ್ಚರಿಕೆಗೂ ಅಂಕ ಕೊಡುವುದು. ಇಪ್ಪತ್ತು ವರ್ಷದಿಂದ ಇಂಥ ಹಾಳೆ ಓದುತ್ತ ಬಂದವಳು ನಾನು. ಪುಟ ಮಗುಚಿರಲಿಲ್ಲ.

ನಾಲ್ಕು ತಿಂಗಳಾದ ಮೇಲೆ, ಹೊಟ್ಟೆಯೊಳಗೆ ಇಟ್ಟುಕೊಳ್ಳಲಾರದೆ, ಅಟೆಂಡರನ ಮನೆಗೆ ಹೋದೆ. ಅವನ ಹೆಂಡತಿ ಅಂಗಳದಲ್ಲಿ ಮೆಕ್ಕೆಜೋಳ ಒಣಗಿಸುತ್ತಿದ್ದರು. ಚಾಪೆ ಹಾಸಿ ಕೂರಿಸಿದರು. ಹುಡುಗಿ ಏನು ಬರೆದಿದ್ದಳು, ನಾನು ಏನು ಓದಿದೆ, ಪೊಲೀಸರಿಗೆ ಏನು ಹೇಳಿದೆ ಎಲ್ಲವನ್ನೂ ಹೇಳಿದೆ. ಅವರು ಜೋಳ ಹರವುತ್ತಲೇ ಕೇಳಿಸಿಕೊಂಡರು. ಕೈ ನಿಂತದ್ದು ಕೊನೆಗೆ.

“ಅದುಕ್ಕೆ ಎಷ್ಟು ಮಾರ್ಕ್ಸ್ ಕೊಟ್ರಿ?”

“ಸೊನ್ನೆ.”

ಅವರು ಅಳಲಿಲ್ಲ, ಬೈಯಲಿಲ್ಲ. ಕೈಗೆ ಅಂಟಿದ ಜೋಳ ಕೊಡವಿ, “ನಮ್ಮನೇರು ತಪ್ಪು ಮಾಡಿ ಸತ್ರು ಅಂತ ಬರ್ದಾರೆ. ಮಕ್ಳು ಅದನ್ನೇ ನಂಬ್ಯಾವೆ. ನೀವು ಈಗ ಹೇಳಿದ್ದು ಬರ್ಕೊಡ್ತೀರೇನು?” ಎಂದು ಕೇಳಿದರು.

ಅಲ್ಲೇ, ಅವರ ಮಗಳ ನೋಟ್‌ಬುಕ್ಕಿನ ಹಾಳೆಯಲ್ಲಿ ಬರೆದುಕೊಟ್ಟೆ. ಅದೇ ಮಾತುಗಳನ್ನು ಠಾಣೆಗೆ, ವಿಶ್ವವಿದ್ಯಾಲಯಕ್ಕೆ ಕಳಿಸಿದೆ. ಸುಳ್ಳು ಹೇಳಿಕೆ ಯಾಕೆ ಕೊಟ್ಟಿರಿ ಎಂದು ಮೊದಲು ನನಗೇ ನೋಟಿಸ್ ಬಂತು. ಬರಬೇಕಾದದ್ದೇ. ಪರೀಕ್ಷೆಯ ಕೆಲಸದಿಂದ ನನ್ನನ್ನು ತೆಗೆದರು. ಹುಡುಗಿ ಠಾಣೆಗೆ ಹೋಗಿ ತಾನು ಬರೆದದ್ದನ್ನು ಹೇಳಿ ಬಂದಳಂತೆ. ನನಗೆ ಮಾತ್ರ ಒಮ್ಮೆಯೂ ಫೋನ್ ಮಾಡಲಿಲ್ಲ. ಆ ಕವರನ್ನು ತೆರೆಯಬೇಕೋ ಬೇಡವೋ ಎಂಬ ಪತ್ರ ಒಂದು ಕಚೇರಿಯಿಂದ ಇನ್ನೊಂದಕ್ಕೆ ಹೋಗುತ್ತಲೇ ಇದೆ. ಅವನ ಹೆಂಡತಿ ತಿಂಗಳಿಗೊಮ್ಮೆ ಫೋನ್ ಮಾಡುತ್ತಾರೆ. ಏನಾದ್ರೂ ಬಂತಾ ಎಂದು ಕೇಳುತ್ತಾರೆ, ಇಲ್ಲ ಅನ್ನುತ್ತೇನೆ.