ನಡೆಯದ ಸಭೆಯ ಹಾಜರಿ

ಬೆಳಕು ಹರಿಯುವ ಮೊದಲೇ ಅವಳು ಅತ್ತೆಯನ್ನು ಬಚ್ಚಲಿಗೆ ಕರೆದೊಯ್ದು ತಂದಳು, ಹಾಸಿಗೆಯ ಬಟ್ಟೆ ಬದಲಿಸಿದಳು, ಮಾತ್ರೆಗಳನ್ನು ಹೊತ್ತುಹೊತ್ತಿಗೆ ಬೇರೆ ಮಾಡಿಟ್ಟಳು, ನೆನೆಹಾಕಿದ ಬಟ್ಟೆ ಹಿಂಡಿ ಹರವಿದಳು, ಮಧ್ಯಾಹ್ನದ ಅಡುಗೆಯನ್ನೂ ಮುಗಿಸಿ ಮುಚ್ಚಿಟ್ಟಳು. ಆಮೇಲೆ ಒಲೆಯ ಪಕ್ಕದ ಕಟ್ಟೆ ಒರೆಸಿ, ಒಣಗಿತೇ ಎಂದು ಅಂಗೈಯಿಂದ ಮುಟ್ಟಿ ನೋಡಿ, ಕೇಸಿನ ಫೈಲು ಬಿಚ್ಚಿದಳು. ಆ ಮನೆಯಲ್ಲಿ ಅವಳದು ಅಂತ ಬೇರೆ ಮೇಜು ಇರಲಿಲ್ಲ.

ಕಂಪನಿ ಕುಕ್ಕರಿನ ರಬ್ಬರ್ ಉಂಗುರ ಮಾಡುತ್ತಿತ್ತು. ಗಂಡ ಶುರುಮಾಡಿದಾಗ ಮೊದಲ ನೂರಾರು ಉಂಗುರಗಳನ್ನು ಪರೀಕ್ಷಿಸಿದ್ದು ಅವಳ ಒಲೆಯ ಮೇಲೆಯೇ. ಆವಿ ಎಲ್ಲಿ ಸೋರುತ್ತದೆ ಅಂತ ಕೈಸುಟ್ಟುಕೊಂಡು ಹೇಳಿದವಳು ಅವಳು. ಗಂಡ ತೀರಿಕೊಂಡ ಮೇಲೆ ಮೈದುನ ಕುರ್ಚಿಯಲ್ಲಿ ಕೂತ. ನಿರ್ದೇಶಕರು ಮೂವರು: ಅವನು, ಅವನ ಹೆಂಡತಿ, ಇವಳು. ಸಭೆ ಅಂದರೆ ಮೈದುನನ ಮನೆಯ ಊಟದ ಮೇಜು. ಅವನು ಫೋನಿನಲ್ಲಿ ಮಾತಾಡುತ್ತಿದ್ದ, ಓರಗಿತ್ತಿಯರಿಬ್ಬರೂ ಚಹಾ ಸೋಸುತ್ತಿದ್ದರು. ವರ್ಷಕ್ಕೊಮ್ಮೆ ಒಂದು ಕಟ್ಟು ಖಾಲಿ ಹಾಜರಿ ಹಾಳೆ ಅಡುಗೆಮನೆಗೆ ಬರುತ್ತಿತ್ತು. ಕೈ ಒರೆಸಿಕೊಂಡು ಇಬ್ಬರೂ ಸಹಿ ಹಾಕುತ್ತಿದ್ದರು.

ಹಾಗೆ ನೂರಕ್ಕೆ ಮೂವತ್ತಿದ್ದ ಅವಳ ಪಾಲು ಒಂದೇ ಏಟಿಗೆ ಒಂಬತ್ತಕ್ಕೆ ಇಳಿಯಿತು. ಹೊಸ ಷೇರುಗಳೆಲ್ಲ ಮೈದುನ ಮತ್ತವನ ಹೆಂಡತಿಯ ಹೆಸರಿಗೆ. ತನ್ನನ್ನು ತುಳಿದು ಕಂಪನಿಯನ್ನು ಮನಬಂದಂತೆ ನಡೆಸುತ್ತಿದ್ದಾರೆ ಎಂದು ಅವಳು ಕಂಪನಿ ನ್ಯಾಯಮಂಡಳಿಗೆ ಅರ್ಜಿ ಹಾಕಿದಳು. ತೀರ್ಮಾನವಾಗುವವರೆಗೆ ಷೇರುಗಳನ್ನು ಯಾರೂ ಅಲುಗಾಡಿಸಬಾರದು ಅಂತ ಆದೇಶವೂ ಆಯಿತು.

ಈಗ ಮೈದುನನ ಉತ್ತರ ಬಂದಿತ್ತು. ಹೊಸ ಷೇರು ಹಂಚಿದ ಸಭೆ ಬೆಳಿಗ್ಗೆ ಹನ್ನೊಂದು ಗಂಟೆಗೆ ನಡೆಯಿತಂತೆ, ಮೂವರೂ ಇದ್ದರಂತೆ. 'ಹೊಸ ಷೇರು ನನಗೆ ಬೇಡ' ಅಂತ ಇವಳೇ ಬಾಯಿಬಿಟ್ಟು ಹೇಳಿದಳಂತೆ. ಜೊತೆಗೆ ಅವಳ ಸಹಿಯಿದ್ದ ಹಾಜರಿ ಹಾಳೆ, ಎಲ್ಲವೂ ನಿಜವೆಂದು ಓರಗಿತ್ತಿ ಆಣೆಯಿಟ್ಟ ಪ್ರಮಾಣಪತ್ರ.

"ಸಹಿ ನಿಂದಲ್ಲ ಅಂದುಬಿಡು, ಕಥೆ ಮುಗೀತು," ಎಂದಿದ್ದ ಅಣ್ಣ.

"ನಂದೇ ಅಲ್ವಾ ಅಣ್ಣ."

"ನಿನ್ನ ಸತ್ಯಕ್ಕೆ ಅಲ್ಲಿ ಯಾರೂ ಆರತಿ ಎತ್ತಲ್ಲ."

ಹಾಜರಿ ಹಾಳೆಯಲ್ಲಿ ಸಭೆಯ ತಾರೀಖು ಓದುತ್ತಿದ್ದ ಅವಳ ಬೆರಳು ಅಲ್ಲೇ ನಿಂತಿತು. ಎದ್ದು ಅತ್ತೆಯ ಆಸ್ಪತ್ರೆ ಫೈಲು ತಂದಳು. ಅದೇ ತಾರೀಖು, ಅತ್ತೆಯ ಸೊಂಟದ ಮೂಳೆಗೆ ಆಪರೇಷನ್ ಆದ ದಿನ. ಒಪ್ಪಿಗೆ ಪತ್ರದಲ್ಲಿ ಅವಳ ಸಹಿ, ಕೆಳಗೆ ಸಾಕ್ಷಿಯಾಗಿ ಓರಗಿತ್ತಿಯ ಸಹಿ, ಸಮಯ ಹನ್ನೊಂದು ಗಂಟೆ ಐದು ನಿಮಿಷ. ಹೆತ್ತ ತಾಯಿಯ ಆಪರೇಷನ್ ಯಾವ ದಿನ ಅನ್ನುವುದು ಮೈದುನನಿಗೆ ನೆನಪೇ ಇರಲಿಲ್ಲ. ಅವನು ಅವತ್ತು ಆಸ್ಪತ್ರೆಯ ಮೆಟ್ಟಿಲು ಹತ್ತಿರಲಿಲ್ಲ.

ಬೆಳಿಗ್ಗೆ ಹತ್ತಕ್ಕೆ ತಮ್ಮ ಕಚೇರಿಯಲ್ಲಿ ವಕೀಲೆ ಆ ಒಪ್ಪಿಗೆ ಪತ್ರವನ್ನು ಎರಡು ಸಲ ಓದಿದರು.

"ಆಪರೇಷನ್ ದಿನಾಂಕ, ನಿಮ್ಮ ಹೆಸರು ಮಾತ್ರ ತೋರಿಸೋದಾದರೆ ಈ ಪತ್ರ ಬೇಡ. ಡಿಸ್ಚಾರ್ಜ್ ಚೀಟಿ ಸಾಕು. ಆದರೆ ಆಗ ನೀವೊಬ್ಬರೇ ಗೈರು. ಉಳಿದಿಬ್ಬರು ಇದ್ದರು ಅಂತಾರೆ, ಸಭೆಗೆ ಇಬ್ಬರು ಸಾಕು. ನೋಟಿಸ್ ಬರಲಿಲ್ಲ ಅಂತ ಗುದ್ದಾಡಬಹುದು, ಗೆಲ್ತೀವಿ ಅಂತ ಬರೆದುಕೊಡಲಾರೆ."

"ಇಬ್ಬರ ಸಹಿಯೂ ತೋರಿಸಿದರೆ?"

"ಆಗ ಸಭೆಯಲ್ಲಿ ಉಳಿಯೋದು ನಿಮ್ಮ ಮೈದುನ ಒಬ್ಬರೇ. ಒಬ್ಬರೇ ಕೂತರೆ ಸಭೆಯಲ್ಲ. ಆದರೆ ನಿಮ್ಮ ಓರಗಿತ್ತಿ ಸುಳ್ಳು ಆಣೆ ಮಾಡಿದ ಹಾಗಾಗುತ್ತೆ. ಅದನ್ನ ಮಂಡಳಿ ಗಂಭೀರವಾಗಿ ತಗೋಬಹುದು. ಸಂಜೆ ನಾಲ್ಕಕ್ಕೆ ನಮ್ಮ ಪ್ರತ್ಯುತ್ತರ ಸಲ್ಲಿಸಬೇಕು. ನಾನು ಇನ್ನೊಂದು ಕೇಸಿಗೆ ಹೋಗ್ತೀನಿ, ಬರೋಷ್ಟರಲ್ಲಿ ಯೋಚಿಸಿ."

ವಕೀಲೆ ಹೋದರು. ಫೋನು ಅದುರಿತು. ಚಿಕ್ಕವಳು, ಅಂದರೆ ಓರಗಿತ್ತಿ.

"ಅಕ್ಕಾ, ಉತ್ತರ ಓದಿದ್ರಾ?"

"ಓದಿದೆ. ನೀನು ಓದಿದ್ಯಾ?"

ಆ ಕಡೆ ಪಾತ್ರೆಯ ಸದ್ದು ನಿಂತಿತು. "ಸಹಿಗೆ ಅಂತ ಕೊನೇ ಹಾಳೆ ಮಾತ್ರ ಕೊಟ್ರು. ಒಲೆ ಮೇಲೆ ಹಾಲಿತ್ತು."

"ಅವತ್ತು ನಾವಿಬ್ಬರೂ ಎಲ್ಲಿದ್ವಿ ಗೊತ್ತಾ?"

ಚಿಕ್ಕವಳು ದನಿ ತಗ್ಗಿಸಿ ಅಂದಳು: "ಆ ಆಸ್ಪತ್ರೆ ಕಾಗದ ತೆಗೀಬೇಡಿ ಅಕ್ಕಾ. ಇವರು ನನ್ನನ್ನ ಮನೆಯಲ್ಲಿ ಇರೋಕ್ಕೆ ಬಿಡಲ್ಲ."

"ನಾನು ಸುಮ್ಮನಿದ್ದರೆ ನನಗೆ ಉಳಿಯೋದೇನು?"

"ಅದೂ ನನಗೆ ಗೊತ್ತಿಲ್ಲ ಅಕ್ಕಾ." ಫೋನು ಇಟ್ಟಳು.

ಎದುರಿಗೆ ಎರಡು ಕಾಗದ. ಒಂದು ಓರಗಿತ್ತಿಯನ್ನು ಉಳಿಸುವ ಚೀಟಿ. ಇನ್ನೊಂದು ತನ್ನ ಪಾಲನ್ನು ಉಳಿಸುವ ಪತ್ರ. ಬಾಗಿಲ ಬಳಿ ಗುಮಾಸ್ತ ಸ್ಟೇಪ್ಲರ್ ಹಿಡಿದು ಕಾಯುತ್ತಿದ್ದ. ಅವಳಿಗೆ ಬಾಯಾರಿತ್ತು, ನೀರು ಕೇಳಲು ಮನಸ್ಸಾಗಲಿಲ್ಲ. ಚಿಕ್ಕವಳ ಕಷ್ಟ ಸುಳ್ಳಲ್ಲ. ಆದರೆ ಅದನ್ನು ತಂದವಳು ತಾನೂ ಅಲ್ಲ. ಸುಮ್ಮನಿದ್ದು ಯಾರನ್ನು ಕಾಪಾಡುತ್ತೇನೆ, ಅವಳನ್ನೋ ಅವನನ್ನೋ?

ಗುಮಾಸ್ತನಿಂದ ಪೆನ್ನು ಇಸಿದುಕೊಂಡು ಪ್ರತ್ಯುತ್ತರದ ಕರಡಿನ ಅಂಚಿನಲ್ಲಿ ತಾನೇ ಬರೆದಳು: 'ಹಾಜರಿ ಹಾಳೆಯ ಸಹಿ ನನ್ನದೇ. ನಾವಿಬ್ಬರೂ ಹೆಂಗಸರು ಖಾಲಿ ಹಾಳೆಗಳಿಗೆ ಸಹಿ ಹಾಕುತ್ತಿದ್ದೆವು. ಓದಲು ಕೊಡದೆ ನನ್ನ ಓರಗಿತ್ತಿಯಿಂದಲೂ ಪ್ರಮಾಣಪತ್ರಕ್ಕೆ ಸಹಿ ಪಡೆಯಲಾಗಿದೆ ಎಂದು ಅವರೇ ನನಗೆ ಹೇಳಿದ್ದಾರೆ.'

ನಂತರ ಇಬ್ಬರ ಸಹಿಯಿದ್ದ ಆಸ್ಪತ್ರೆಯ ಪತ್ರವನ್ನು ಗುಮಾಸ್ತನ ಕಡೆ ಸರಿಸಿದಳು.

"ಇದನ್ನೂ ಸೇರಿಸಿ," ಎಂದಳು.