ಅಂಚಿಗೆ ಸರಿದ ಗಾಳಿ

ನಾನು ದೇವದುರ್ಗದ ಆಸ್ಪತ್ರೆಯಲ್ಲಿ ವೈದ್ಯನಾಗಿದ್ದಾಗ, ಅರಕೇರಾದ ಶಿಕ್ಷಕಿಯೊಬ್ಬಳು ಕುರಿ ಕಾಯುವ ತನ್ನ ತಾಯಿಯನ್ನು ಕರೆತಂದಳು. ತಾಯಿಯ ಹೊಟ್ಟೆ ಉಬ್ಬಿ ಬಿಗಿದಿತ್ತು. ಮಲವೂ ಗಾಳಿಯೂ ನಿಂತುಹೋಗಿದ್ದವು. ಹೊಕ್ಕುಳ ಕೆಳಗೆ ಗರ್ಭಕೋಶ ತೆಗೆದ ಹಳೆಯ ಹೊಲಿಗೆಯ ಗುರುತಿತ್ತು. ಅಲ್ಲೇ ಸಣ್ಣ ಕರುಳು ಅಂಟಿಕೊಂಡಿರಬೇಕು, ಮೂಗಿಗೆ ನಳಿಕೆ ಹಾಕಿ ಕಾದರೆ ಬಿಟ್ಟೀತು ಎಂದುಕೊಂಡೆ.

ಎಕ್ಸ್‌ರೇ ನೋಡಿದಾಗ ಆ ಆಸೆ ಹೋಯಿತು. ಸಣ್ಣ ಕರುಳಾಗಿದ್ದರೆ ಗಾಳಿ ತುಂಬಿದ ಸುರುಳಿಗಳು ಹೊಟ್ಟೆಯ ನಡುವೆ ಇರಬೇಕಿತ್ತು, ಮಡಿಕೆಯ ಗೆರೆಗಳು ಕರುಳಿನ ಅಗಲವನ್ನು ಪೂರ್ತಿ ದಾಟಬೇಕಿತ್ತು. ನಿಲ್ಲಿಸಿ ತೆಗೆದ ಚಿತ್ರದಲ್ಲಿ ನೀರು ಗಾಳಿ ಸೇರುವ ಮಟ್ಟಗಳು ಮೆಟ್ಟಿಲಿನಂತೆ ಹಲವು ಕಾಣಬೇಕಿತ್ತು. ಇಲ್ಲಿ ಗಾಳಿಯೆಲ್ಲ ಅಂಚಿನಲ್ಲಿತ್ತು, ಗೆರೆಗಳು ಅರ್ಧಕ್ಕೇ ನಿಂತಿದ್ದವು. ಕಟ್ಟಿದ್ದು ದೊಡ್ಡ ಕರುಳು. ಬಲಗಡೆ ಅದು ಶುರುವಾಗುವ ಚೀಲದಲ್ಲಿ ಅಗಲವಾದ ಒಂದೇ ಮಟ್ಟವಿತ್ತು. ಆ ಚೀಲ ಒಂಬತ್ತು ಸೆಂಟಿಮೀಟರ್ ದಾಟಿದರೆ ಒಡೆಯುವ ಭಯ, ಅಳೆದಾಗ ಹನ್ನೊಂದಿತ್ತು.

"ಕಾಯೂದು ಬ್ಯಾಡ್ರಿ, ಈಗಲೇ ರಾಯಚೂರಿಗೆ ಕರಕೊಂಡು ಹೋಗ್ರಿ," ಎಂದೆ.

"ಆಪರೇಷನ್ ಮಾಡಿದ್ರ ಉಳೀತಾಳೇನ್ರಿ ಸರ್?" ಎಂದಳು ಮಗಳು.

"ಮಾಡ್ಲಿಲ್ಲಂದ್ರ ಕರುಳು ಒಡೀತದವ್ವ."

ಅಂದೇ ಅಲ್ಲಿ ಆಪರೇಷನ್ ಆಯಿತು. ಕರುಳು ಒಡೆದಿರಲಿಲ್ಲ. ಆದರೆ ಎಡಗಡೆ ದಾರಿ ಕಟ್ಟಿದ್ದು ಕ್ಯಾನ್ಸರ್ ಗಡ್ಡೆ, ಅದು ಲಿವರಿಗೂ ಹರಡಿತ್ತು. ಮಲ ಹೋಗಲು ಹೊಟ್ಟೆಯಲ್ಲೇ ದಾರಿ ಮಾಡಿ, ಮೇಲೊಂದು ಚೀಲ ಅಂಟಿಸಿ ಮನೆಗೆ ಕಳಿಸಿದರು.

ಕೆಲವು ತಿಂಗಳ ಮೇಲೆ, ಜೋಳ ಕೊಯ್ಯುವ ಹೊತ್ತಿಗೆ ತಾಯಿ ತೀರಿಕೊಂಡಳು. ತಿಳಿಸಲು ಮಗಳು ಆಸ್ಪತ್ರೆಗೆ ಬಂದಳು.

"ಮನ್ಯಾಗ, ನನ್ನ ಕೂಡ ಮಾತಾಡಿಕೋತ ಹೋದ್ಲು ಸರ್," ಎಂದಳು.