ಕೂಗು ಹೊರಡದ ಕನಸು

ಬೆಳಗಿನ ಐದೂವರೆಗೆ ಹೆಂಡತಿ ನನ್ನ ಭುಜ ಹಿಡಿದು ಅಲ್ಲಾಡಿಸಿದಳು.

"ಏಳಿ, ಏಳಿ. ಪುನಃ ಸುರುವಾಯ್ತು ನಿಮ್ಮದು."

"ಎಂತ ಹೇಳಿದೆ ನಾನು?"

"ಹೇಳ್ಲಿಕ್ಕೆ ಎಂತ ಉಂಟು? ಊಂ ಊಂ ಅಂತ, ಬಾವಿಗೆ ಬಿದ್ದ ಕರುವಿನ ಹಾಗೆ. ಆಚೆ ಮನೆಯವರು ನಾನು ನಿಮಗೆ ಹೊಡೀತೇನೆ ಅಂತ ಗ್ರಹಿಸಿಯಾರು."

ಕನಸಿನಲ್ಲಿ ನಾನು ಗಂಟಲು ಹರಿಯುವಂತೆ ಕೂಗಿದ್ದೆ. ಹೊರಗೆ ಬಂದದ್ದು ಇಷ್ಟೆ.

ಕನಸು ಹೆಚ್ಚು ಬದಲಾಗುವುದಿಲ್ಲ. ಕಾವೂರಿನ ನಮ್ಮ ಹಳೆಯ ಮನೆಯ ಎದುರಿನ ರಸ್ತೆ. ಅಕ್ಕ ನನಗೆ ಬೆನ್ನು ಹಾಕಿ ಬಸ್ಸಿಗೆ ಹೋಗುತ್ತಿದ್ದಾಳೆ. ನನ್ನ ಒಂದು ಕೈಯಲ್ಲಿ ಅವಳು ಮರೆತ ಬುತ್ತಿ, ಇನ್ನೊಂದು ಕೈ ಗೇಟಿನ ತಣ್ಣಗಿನ ಕಬ್ಬಿಣದ ಮೇಲೆ. ಬಲಗಡೆಯಿಂದ ಒಂದು ಟೆಂಪೊ ಬರುತ್ತಿದೆ. ಓಡಬೇಕು. ಎತ್ತಿದ ಕಾಲು ಮುಂದೆ ಹೋಗುವುದಿಲ್ಲ; ಕಡಲ ತೆರೆ ಹಿಂದೆ ಸರಿಯುವಾಗ ಪಾದದಡಿಯ ಮರಳು ಹಿಡಿದು ಎಳೆಯುತ್ತದಲ್ಲ, ಹಾಗೆ. ಬಾಯಿ ತೆರೆದರೆ ಉಸಿರು ಹೋಗುತ್ತದೆ, ಸ್ವರ ಇಲ್ಲ. ಟೆಂಪೊ ಮಾತ್ರ ತನ್ನ ವೇಗದಲ್ಲೇ ಬರುತ್ತದೆ.

ಇದು ಹೇಗಾಗುತ್ತದೆ ಎಂದು ನನಗೆ ಗೊತ್ತು. ವಿಜ್ಞಾನ ಓದಿದವನು, ಕಾಲೇಜಿನಲ್ಲಿ ಕಲಿಸುವವನು. ಗೊತ್ತಿಲ್ಲದ್ದನ್ನು ಓದಿ ತಿಳಿದುಕೊಂಡೆ. ಗಾಢವಾಗಿ ಕನಸು ಕಾಣುವ ಹಂತದಲ್ಲಿ ಮುಚ್ಚಿದ ರೆಪ್ಪೆಯೊಳಗೆ ಕಣ್ಣು ಓಡಾಡುತ್ತಿರುತ್ತದೆ, ಆದರೆ ಮಿದುಳಿನ ಬುಡದಿಂದ ಬರುವ ಒಂದು ತಡೆ ಕೈಕಾಲುಗಳ ಸ್ನಾಯುಗಳನ್ನು ಸಡಿಲವಾಗಿ ಕೆಡವಿಬಿಟ್ಟಿರುತ್ತದೆ. ಕನಸಿನಲ್ಲಿ ಓಡಿದವನು ನಿಜವಾಗಿಯೂ ಎದ್ದು ಓಡಿ ಗೋಡೆಗೆ ಹೊಡೆದುಕೊಳ್ಳದಿರಲಿ ಎಂಬ ಏರ್ಪಾಟು ಅದು. ಓಡು ಎಂಬ ಅಪ್ಪಣೆ ಮಿದುಳಿನಲ್ಲಿ ಹುಟ್ಟುತ್ತದೆ, ಓಡಿದೆ ಎಂಬ ಉತ್ತರ ಕಾಲಿನಿಂದ ವಾಪಸು ಬರುವುದಿಲ್ಲ. ಆ ಉತ್ತರವಿಲ್ಲದ್ದನ್ನೇ ಮನಸ್ಸು ಭಾರ ಎಂದು ಓದಿಕೊಳ್ಳುತ್ತದೆ, ಎಂದು ಕೆಲವರ ಊಹೆ. ಉಸಿರಾಟ ನಿಲ್ಲುವುದಿಲ್ಲ, ಗಂಟಲು ಮಾತ್ರ ಸಡಿಲ. ಆದ್ದರಿಂದ ಕೂಗು ನರಳಾಟವಾಗಿ ಹೊರಡುತ್ತದೆ. ಎಚ್ಚರವಾಗಿ ಕಣ್ಣು ಬಿಟ್ಟ ಮೇಲೂ ಮೈ ಅಲುಗದೆ ಬಿದ್ದಿರುವುದು ಬೇರೆ. ನನಗೆ ಅದು ಆಗಿಲ್ಲ. ಹೆಂಡತಿ ಮುಟ್ಟಿದ ಕ್ಷಣ ಕೈಕಾಲು ನನ್ನದಾಗುತ್ತದೆ.

ಇಷ್ಟು ಗೊತ್ತಿದ್ದೂ ಒಂದು ಪ್ರಶ್ನೆ ಉಳಿಯುತ್ತದೆ. ಕನಸು ಕಾಣುವಾಗೆಲ್ಲ ಮೈ ಹೀಗೆಯೇ ಬಿದ್ದಿರುತ್ತದೆ. ಬೇರೆ ಕನಸುಗಳಲ್ಲಿ ನಾನು ಆರಾಮಾಗಿ ನಡೆಯುತ್ತೇನೆ, ಬಸ್ಸು ಹತ್ತುತ್ತೇನೆ, ಜಗಳವಾಡುತ್ತೇನೆ. ಇಲ್ಲಿ ಮಾತ್ರ ಯಾಕೆ ಕಾಲು ಏಳುವುದಿಲ್ಲ? ಈ ಸಲ ಕನಸು ಬೀಳುವ ಹಿಂದಿನ ದಿನ ನಮ್ಮ ಕಾಲೇಜಿನ ಸಭೆಯಲ್ಲಿ ಒಬ್ಬ ಅತಿಥಿ ಉಪನ್ಯಾಸಕಿಯನ್ನು ಕಾರಣವಿಲ್ಲದೆ ಕೆಲಸದಿಂದ ಕೈಬಿಟ್ಟರು. ನಾನು ಮಾತಾಡಬೇಕಿತ್ತು. ನೀರಿನ ಬಾಟಲಿಯ ಮುಚ್ಚಳ ತಿರುಗಿಸುತ್ತ ಕುಳಿತೆ. ಹಗಲು ನುಂಗಿದ ಮಾತು ಬೆಳಗಿನ ಜಾವ ಈ ರಸ್ತೆಗೆ ಬರುತ್ತದೆ. ಇದು ಸಾಬೀತಾದ ಸಂಗತಿಯಲ್ಲ, ನನ್ನೊಬ್ಬನ ಲೆಕ್ಕ.

ರಸ್ತೆ ಯಾಕೆ ಇದೇ ಎಂಬುದಕ್ಕೆ ಮಾತ್ರ ಲೆಕ್ಕ ಬೇಡ. ನನಗೆ ಹತ್ತೊಂಬತ್ತಾಗಿದ್ದಾಗ ಅಕ್ಕ ಅಲ್ಲೇ ಟೆಂಪೊಗೆ ಸಿಕ್ಕಿದಳು. ಬಲಗಾಲಿಗೆ ರಾಡು ಹಾಕಿದರು, ಆ ಕಾಲು ಗಿಡ್ಡವಾಯಿತು. ನಾನು ಬುತ್ತಿ ಹಿಡಿದು ನೋಡುತ್ತ ನಿಂತಿದ್ದೆ. ಅಮ್ಮ ಇಷ್ಟು ವರ್ಷ ಹೇಳುತ್ತ ಬಂದದ್ದೂ ಅದೇ: "ನೀನು ಎಂತ ಮಾಡ್ಲಿಕ್ಕೆ ಆಗ್ತಿತ್ತು ಮಗಾ? ನಿನ್ನ ಸ್ವರವೇ ಹೊರಡ್ಲಿಲ್ಲ."

ನಮ್ಮ ಮನೆಯಲ್ಲಿ ಒಂದು ಕಟ್ಟುನಿಟ್ಟು ಇತ್ತು. ಹೊರಟವರನ್ನು ಹಿಂದಿನಿಂದ ಕರೆಯಬಾರದು. 'ಪಿರಾವುಡ್ದು ಲೆಪ್ಪರೆ ಬಲ್ಲಿ' ಎಂದು ಅಮ್ಮ ತುಳುವಿನಲ್ಲಿ ಗದರುತ್ತಿದ್ದರು. ಏನಾದರೂ ಮರೆತು ಹೋಗಿದ್ದರೆ ಓಡಬೇಕು, ಅವರನ್ನು ದಾಟಿ ಎದುರು ನಿಲ್ಲಬೇಕು, ಆಮೇಲೆ ಬಾಯಿ ಬಿಡಬೇಕು. ಓಡು ಇಲ್ಲವೇ ಕೂಗು: ಕನಸು ಎರಡನ್ನೂ ಕಿತ್ತುಕೊಂಡಿತ್ತು.

ಆ ಬೆಳಿಗ್ಗೆ ಚಹಾ ಕುಡಿಯುತ್ತ ಹಳೆಯ ಆಲ್ಬಂ ತೆಗೆದೆ. ಯಾಕೆ ಎಂದು ಹೇಳಲಾರೆ. ನನ್ನ ನೆನಪನ್ನು ನಾನು ಯಾವತ್ತೂ ನಂಬಿದವನಲ್ಲ. ಅಪಘಾತಕ್ಕೆ ಕೆಲವೇ ವಾರ ಮೊದಲು ಅಕ್ಕನನ್ನು ಅಂಗಳದಲ್ಲಿ ನಿಲ್ಲಿಸಿ ತೆಗೆದ ಫೋಟೊ. ಹಿಂದೆ ಎರಡು ಕೆಂಪು ಕಲ್ಲಿನ ಕಂಬ, ಅಡ್ಡಕ್ಕೆ ಒಂದು ಬಿದಿರು. ಗೇಟು ಇಲ್ಲ.

ಕಬ್ಬಿಣದ ಗೇಟು ಹಾಕಿಸಿದ್ದು ಅವಳು ಆಸ್ಪತ್ರೆಯಿಂದ ಬಂದ ಮೇಲೆ. ಅಂಗೈಗೆ ಇವತ್ತಿಗೂ ನೆನಪಿರುವ ಆ ತಣ್ಣಗಿನ ಕಬ್ಬಿಣ ಆ ದಿನದ್ದಲ್ಲ, ಕನಸಿನದ್ದು. ಹಾಗಾದರೆ ಸ್ವರ ಹೊರಡದ್ದು?

ಅಕ್ಕ ಈಗ ಇರುವುದು ಬಿಕರ್ನಕಟ್ಟೆಯಲ್ಲಿ. ಆ ವಾರದ ಭಾನುವಾರ ಹೋದೆ. ಸ್ಟೂಲಿನ ಮೇಲೆ ಕಾಲು ಚಾಚಿಕೊಂಡು ಅಲಸಂಡೆ ಮುರಿಯುತ್ತಿದ್ದಳು.

"ಎಂತ ಮಾರಾಯ, ದಾರಿ ತಪ್ಪಿತಾ?"

"ಒಂದು ಕೇಳ್ಲಿಕ್ಕುಂಟು. ಆ ದಿನ ನಾನು ಕೂಗಿದೆನಾ?"

ಅಲಸಂಡೆ ಮುರಿಯುವ ಸದ್ದು ನಿಂತಿತು.

"ಈಗ ಎಂತಕ್ಕೆ ಅದು?"

"ಹೇಳು."

"ಅಮ್ಮ ಹೇಳಿದ್ದಾರಲ್ಲ."

"ಅಮ್ಮ ಹೇಳಿದ್ದು ಗೊತ್ತುಂಟು. ನಿನಗೆ ಎಂತ ಕೇಳಿತು?"

ಅವಳು ಕೈಯಲ್ಲಿದ್ದ ಅಲಸಂಡೆಯನ್ನು ತಟ್ಟೆಗೆ ಹಾಕಿದಳು. "ಅಕ್ಕಾ ಅಂತ ಕೂಗಿದಿ. ದೊಡ್ಡಕ್ಕೆ. ನೀನು ಆಗ ಸಯನ್ಸಿನವ ಅಲ್ವಾ, ಅಮ್ಮನ ಶಾಸ್ತ್ರಕ್ಕೆಲ್ಲ ನಗಾಡ್ತಿದ್ದಿ. ಬೇಕೂಂತ್ಲೇ ಹಿಂದಿನಿಂದ ಕರೀತಿದ್ದಿ. ನಾನು ರಸ್ತೆ ಮಧ್ಯ ನಿಂತು ತಿರುಗಿದೆ. ನಿನ್ನ ಕೈಯಲ್ಲಿ ಬುತ್ತಿ ಕಂಡಿತು. ಮತ್ತೆ ಗೊತ್ತಿಲ್ಲ."

"ಟೆಂಪೊ ನೋಡಿ ಕೂಗಿದ್ದಾ?"

"ನೀನು ನಗಾಡ್ತಾ ಇದ್ದಿ" ಎಂದಳು. "ಟೆಂಪೊ ನೋಡಿದವ ನಗಾಡ್ತಾನಾ?"

ಅಕ್ಕ ಮತ್ತೆ ಅಲಸಂಡೆ ಕೈಗೆತ್ತಿಕೊಂಡಳು.

"ಅಮ್ಮ ಆಸ್ಪತ್ರೆಯಲ್ಲೇ ನನ್ನ ಹತ್ರ ಆಣೆ ಹಾಕಿಸಿದ್ರು. ನೀನು ಆಗ ಅನ್ನವೇ ಮುಟ್ತಿರಲಿಲ್ಲ. ಹುಡುಗ ಕೈಗೆ ಸಿಗ್ಲಿಕ್ಕಿಲ್ಲ ಅಂತ ಅವರಿಗೆ ಹೆದರಿಕೆ. ಬಿಡು ಅದನ್ನು, ಚಹಾ ಇಡ್ತೇನೆ." ಗೋಡೆ ಹಿಡಿದು ಎದ್ದಳು. "ಈ ಕಾಲೊಂದು ಬೆಳಿಗ್ಗೆ ಕಲ್ಲಿನ ಹಾಗೆ ಭಾರ."

ಹಿಂದಿನಿಂದ ಕರೆದರೆ ಕೇಡಾಗುತ್ತದೆ ಎಂಬುದನ್ನು ನಾನು ಈಗಲೂ ನಂಬುವುದಿಲ್ಲ. ಕರೆದರೆ ಮನುಷ್ಯರು ತಿರುಗುತ್ತಾರೆ, ಅಷ್ಟೆ. ರಸ್ತೆಯ ನಡುವೆ ಅಷ್ಟೇ ಸಾಕು. ಅಕ್ಕನ ನೆನಪೂ ನನ್ನದರಂತೆ ಕೆಟ್ಟಿರಬಹುದು, ತಲೆಗೂ ಪೆಟ್ಟಾಗಿತ್ತು, ಎಂದು ಹಿಂದಿರುಗುವ ಬಸ್ಸಿನಲ್ಲಿ ನನಗೆ ನಾನೇ ಹೇಳಿಕೊಂಡೆ. ಆದರೆ ಆ ನಗು ನನ್ನದೇ. ಅದನ್ನು ಅವಳು ಕಟ್ಟಿ ಹೇಳಲಾರಳು. ಕೂಗಲಾರದ ನೋವನ್ನು ಅಮ್ಮ ನನಗೆ ಕೊಟ್ಟರು, ಕೂಗಿದ ನೋವಿಗಿಂತ ಅದು ಹಗುರ ಎಂದು. ಕನಸು ಅದನ್ನೇ ಹಿಡಿದು ಬೆಳೆಸಿತು. ನಾನು ಶಿಕ್ಷೆ ಎಂದುಕೊಂಡದ್ದು ರಕ್ಷೆಯಾಗಿತ್ತು: ಸ್ವರ ಹೊರಡದ ತನಕ ಆ ರಸ್ತೆಯಲ್ಲಿ ನಾನು ತಪ್ಪು ಮಾಡಿದವನಲ್ಲ.

ನಮ್ಮ ಜೊತೆಗೇ ಇರುವ ಅಮ್ಮ ಆ ಸಂಜೆ ಕೇಳಿದರು, "ಎಂತ ಹೇಳಿದಳು ಅವಳು?"

"ಎಂತ ಇಲ್ಲ. ಕಾಲು ನೋವಂತೆ."

ಮರುದಿನ ಕೆಲಸಕ್ಕೆ ಹೊರಟು ಅಂಗಳಕ್ಕಿಳಿದಿದ್ದೆ. ಹಿಂದೆ ಚಪ್ಪಲಿ ಎಳೆಯುವ ಸದ್ದು ಕೇಳಿತು. ಫೋನು ಮೇಜಿನ ಮೇಲೆಯೇ ಉಳಿದಿತ್ತು ಎಂದು ಆಗ ಹೊಳೆಯಿತು. ಅಮ್ಮನ ಎರಡೂ ಮಂಡಿ ಸವೆದಿವೆ. ಒಂದು ಹೆಜ್ಜೆಗೆ ಒಂದು ಉಸಿರು ಬೇಕು. ಅವರು ಕರೆಯಲಿಲ್ಲ. ನನ್ನನ್ನು ದಾಟಿ ಎದುರು ಬರಲು ಓಡುತ್ತಿದ್ದರು, ಓಡಲಾಗದೆ.

ತಿರುಗಿದರೆ ಮುಗಿಯುತ್ತಿತ್ತು. ನಾನು ತಿರುಗಲಿಲ್ಲ. ಆ ಸದ್ದು ನನ್ನ ಪಕ್ಕಕ್ಕೆ ಬಂದು, ದಾಟಿ, ಎದುರು ನಿಲ್ಲುವ ತನಕ ಅಲ್ಲೇ ನಿಂತೆ.